ಗದ್ಯದಲ್ಲಿ ಇಲ್ಲದ ಉತ್ತರ

ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ನಾನು ಗಣಿತ ಪಾಸಾದೆ, ಇಂಗ್ಲಿಷ್ ಪಾಸಾದೆ, ವಿಜ್ಞಾನವನ್ನೂ ಹೇಗೋ ತೆವಳಿಕೊಂಡು ದಾಟಿದೆ. ಫೇಲಾದದ್ದು ಕನ್ನಡದಲ್ಲಿ. ಹುಟ್ಟಿದ್ದು ರಾಣೆಬೆನ್ನೂರು, ಕೊಟ್ಟ ಮನೆ ಬ್ಯಾಡಗಿ, ಬೇರೆ ಭಾಷೆಯಲ್ಲಿ ಜಗಳ ಕೂಡ ಆಡಲು ಬಾರದ ಹೆಂಗಸು ನಾನು. ಫಲಿತಾಂಶ ಬಂದ ದಿನ ನನ್ನ ಮಗಳು ಮೊಬೈಲನ್ನು ಎರಡೆರಡು ಸಲ ತಿಕ್ಕಿ ನೋಡಿ, “ಅವ್ವಾ, ಕನ್ನಡದಾಗ ಹೋಗೈತಿ” ಎಂದಳು. ಆಮೇಲೆ ನಗು ತಡೆಯಲಾರದೆ ಒಳಗೆ ಓಡಿಹೋದಳು. ಅವಳದೇನೂ ತಪ್ಪಿಲ್ಲ. ಬೇರೆ ಯಾರದಾದರೂ ಆಗಿದ್ದರೆ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಆದರೆ ಅದು ನಗುವ ವಿಷಯವಾಗಿರಲಿಲ್ಲ. ನಮ್ಮ ಓಣಿಯ ಅಂಗನವಾಡಿಯ ಸಹಾಯಕಿ ನಿವೃತ್ತಿಯಾಗುವವರಿದ್ದರು. ಆ ಕೆಲಸ ನನಗೆ ಬೇಕಾಗಿತ್ತು. ಓಣಿಯ ಮಕ್ಕಳು ಅಂಗನವಾಡಿ ಬಿಟ್ಟ ಮೇಲೆ ಹೇಗೂ ನಮ್ಮ ಕಟ್ಟೆಯ ಮೇಲೇ ಬಿದ್ದಿರುತ್ತಿದ್ದವು. ಅವುಗಳ ಮೂಗು ಒರೆಸುವುದು, ಜಗಳ ಬಿಡಿಸುವುದು, ತಾಯಂದಿರು ಬರುವವರೆಗೆ ಏನಾದರೂ ತಿನ್ನಲು ಕೊಟ್ಟು ಕೂರಿಸುವುದು ನನಗೆ ಖುಷಿಯ ಕೆಲಸ. ಅದನ್ನೇ ನನ್ನ ಕೆಲಸ ಎಂದು ಹೇಳಿಕೊಳ್ಳಬೇಕು, ಬೆಳಿಗ್ಗೆ ಸೀರೆ ಉಟ್ಟು ಬಾಗಿಲು ದಾಟಿ ಹೋಗಬೇಕು ಎಂಬ ಆಸೆ ಎಷ್ಟೋ ವರ್ಷದಿಂದ ಒಳಗೇ ಕುದಿಯುತ್ತಿತ್ತು. ಆದರೆ ಅದಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು. ನಾನು ಆ ತರಗತಿಯ ನಡುವೆಯೇ, ಅವ್ವ ಹಾಸಿಗೆ ಹಿಡಿದಾಗ, ಶಾಲೆ ಬಿಟ್ಟವಳು. ಅರ್ಜಿ ಹಾಕುವ ವಯಸ್ಸಿನ ಮಿತಿ ಮುಂದಿನ ವರ್ಷಕ್ಕೆ ದಾಟಿಬಿಡುತ್ತಿತ್ತು. ಅದಕ್ಕೇ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟಿದ್ದು. ಈಗ ಉಳಿದದ್ದು ಎರಡನೆಯ ಪರೀಕ್ಷೆ, ಮೇ ತಿಂಗಳ ಕೊನೆಯಲ್ಲಿ. ಅದೂ ಹೋದರೆ ಮುಗಿಯಿತು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಅವತ್ತು ಅದು ನೆತ್ತಿಗೇ ಏರಿತು. ಪರೀಕ್ಷೆಯವರೇ ಏನೋ ತಪ್ಪು ಮಾಡಿದ್ದಾರೆ, ಮರುಮೌಲ್ಯಮಾಪನಕ್ಕೆ ಹಾಕೇ ಹಾಕುತ್ತೇನೆ ಎಂದು ಹಟ ಹಿಡಿದೆ. ಮಗಳು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ನನ್ನ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದಳು. ಅದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ನಾನು ನೇರ ಹಾವೇರಿಗೆ ಹೊರಟೆ, ಅಕ್ಕಾರ ಮನೆಗೆ.

ಅಕ್ಕಾರು ಎಂದರೆ ರಾಣೆಬೆನ್ನೂರಿನಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ನಮಗೆ ಕನ್ನಡ ಕಲಿಸಿದವರು. ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ಹಾಗೇ ಕರೆಯುವುದು. ನಿವೃತ್ತಿಯಾದ ಮೇಲೆ ಹಾವೇರಿಯಲ್ಲಿ ಮನೆ ಮಾಡಿಕೊಂಡಿದ್ದರು, ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ತೆಳ್ಳಗಿನ ಹೆಂಗಸು, ಮಾತು ಕಡಿಮೆ, ನಗುವುದು ಇನ್ನೂ ಕಡಿಮೆ. ಶಾಲೆಯಲ್ಲಿ ನಾನು ಅವರಿಗೆ ಹೆದರಿದಷ್ಟು ಯಾರಿಗೂ ಹೆದರಿಲ್ಲ. ಆದರೂ ಸಿಟ್ಟು ಬಂದಾಗ ಅವರೇ ನೆನಪಾದರು. ನನ್ನ ಪರವಾಗಿ ಅವರು ಜಗಳ ಮಾಡುತ್ತಾರೆ ಎಂದುಕೊಂಡಿದ್ದೆ.

ಅವರು ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿ ಒಂದೊಂದೇ ಪುಟ ಸರಿಸುತ್ತ ಹೋದರು. ಕೊನೆಯ ಕಡೆಯ ಒಂದು ಪುಟದಲ್ಲಿ ನಿಂತರು. ಅದು ‘ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ’ ಎಂದು ಕೊಡುತ್ತಾರಲ್ಲ, ಆ ಪ್ರಶ್ನೆ. ಪಾಠಪುಸ್ತಕದಲ್ಲಿ ಇಲ್ಲದ, ನಾವು ಹಿಂದೆಂದೂ ಕಾಣದ ಗದ್ಯ. ಎರಡು ಪ್ರಶ್ನೆ, ನಾಲ್ಕು ಅಂಕ. ನನಗೆ ಕಡಿಮೆ ಬಿದ್ದದ್ದು ಮೂರೇ ಅಂಕ. ಆ ಪುಟದಲ್ಲಿ ಮಾತ್ರ ಎರಡೂ ಕಡೆ ದುಂಡನೆಯ ಸೊನ್ನೆ ಇತ್ತು.

“ಇದ ನೋಡ್ರಿ ಅಕ್ಕಾರ, ಇದ ಅನ್ಯಾಯ,” ಎಂದೆ. “ಗದ್ಯ ಬಂದದ್ದು ಮೆಣಸಿನಕಾಯಿ ಮ್ಯಾಲ. ಬ್ಯಾಡಗಿ ಸೊಸಿಗೆ ಮೆಣಸಿನಕಾಯಿ ಬಗ್ಗೆ ಸೊನ್ನಿ ಕೊಡ್ತಾರಂದ್ರ ಏನ್ರಿ ಅದು?”

ಆ ಗದ್ಯ ಕಂಡಾಗ ಪರೀಕ್ಷೆಯ ಕೋಣೆಯಲ್ಲಿ ನನಗೆ ಆದ ಸಂತೋಷ ಹೇಳತೀರದು. ನನ್ನ ಗಂಡ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜಿನಲ್ಲಿ ಗುಮಾಸ್ತ. ಮದುವೆಯಾಗಿ ಬಂದ ದಿನದಿಂದ ಆ ಘಾಟಿನಲ್ಲೇ ಉಸಿರಾಡಿದವಳು ನಾನು. ಇದನ್ನೇನು ಓದುವುದು ಎಂದು ಗದ್ಯದ ಮೊದಲ ಎರಡು ಸಾಲು ಮಾತ್ರ ನೋಡಿ ನೇರ ಪ್ರಶ್ನೆಗೆ ಹೋಗಿದ್ದೆ.

ಅಕ್ಕಾರು ನನ್ನ ಉತ್ತರವನ್ನು ನನಗೇ ಓದಿ ಹೇಳಿದರು. ಪ್ರಶ್ನೆ, ‘ಮೆಣಸಿನಕಾಯಿ ನಮ್ಮ ದೇಶಕ್ಕೆ ಹೇಗೆ ಬಂದಿತು?’ ಎಂದಿತ್ತು. ನಾನು ಬರೆದದ್ದು: ‘ಎಲ್ಲಿಂದಲೂ ಬಂದಿಲ್ಲ. ನಮ್ಮ ಅಜ್ಜಂದಿರ ಕಾಲದಿಂದಲೂ ಬ್ಯಾಡಗಿಯಲ್ಲೇ ಇದೆ.’ ಎರಡನೆಯ ಪ್ರಶ್ನೆ, ‘ಮೆಣಸಿನಕಾಯಿಯ ಬಣ್ಣ ಕೆಡದಂತೆ ಏನು ಮಾಡುತ್ತಾರೆ?’ ಎಂಬುದು. ಅದಕ್ಕೆ ನಾನು ಒಂದು ಪುಟವಿಡೀ ಬರೆದಿದ್ದೆ. ಯಾವ ಬಿಸಿಲಿಗೆ ಹರವಬೇಕು, ಹೇಗೆ ತಿರುವಿಹಾಕಬೇಕು, ಇಬ್ಬನಿ ಬಿದ್ದರೆ ಏನಾಗುತ್ತದೆ, ವ್ಯಾಪಾರಿ ಕೈಯಲ್ಲಿ ಹಿಚುಕಿ ನೋಡಿಯೇ ಕಾಯಿಯ ಗುಣವನ್ನು ಹೇಗೆ ಹೇಳಿಬಿಡುತ್ತಾನೆ, ಎಲ್ಲ. ಕೊನೆಗೆ ‘ಈ ಕೆಲಸ ಗೊತ್ತಿಲ್ಲದವರು ಇದರ ಬಗ್ಗೆ ಬರೆಯಬಾರದು’ ಎಂದು ಗದ್ಯ ಬರೆದವರಿಗೆ ಒಂದು ಬುದ್ಧಿಮಾತು ಬೇರೆ.

ಅಕ್ಕಾರು ಮೊಬೈಲನ್ನು ಕೆಳಗಿಟ್ಟು ಪ್ರಶ್ನೆಪತ್ರಿಕೆ ಕೇಳಿದರು. ಅದನ್ನೂ ತಂದಿದ್ದೆ. ಗದ್ಯವನ್ನು ಜೋರಾಗಿ ಓದು ಎಂದರು. ಓದಿದೆ. ಪೋರ್ಚುಗೀಸರು ಹಡಗಿನಲ್ಲಿ ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದರು ಎಂದು ನಡುವಿನಲ್ಲಿ ಚೊಕ್ಕವಾಗಿ ಬರೆದಿತ್ತು. ಬಣ್ಣ ಕೆಡದಂತೆ ಶೀತಲಗೃಹದಲ್ಲಿ ಇಡುತ್ತಾರೆ ಎಂದು ಕೊನೆಯಲ್ಲಿತ್ತು. ಎರಡೇ ಸಾಲು. ಆ ಶೀತಲಗೃಹದಲ್ಲಿಯೇ ನನ್ನ ಗಂಡ ದುಡಿಯುವುದು. ಆ ಮಾತೊಂದನ್ನು ಬಿಟ್ಟು ಬೇರೆಲ್ಲ ಬರೆದಿದ್ದೆ.

“ಖರೇನರೀ ಅಕ್ಕಾರ, ಮೆಣಸಿನಕಾಯಿ ಹೊರಗಿಂದ ಬಂದದ್ದಾ?” ಎಂದೆ. ನನಗೆ ಸೊನ್ನೆಗಿಂತ ಹೆಚ್ಚು ಆಘಾತ ಅದರಿಂದಲೇ ಆಗಿತ್ತು.

“ಅದು ಖರೇ ಐತೋ ಸುಳ್ಳ ಐತೋ, ಅದು ಬ್ಯಾರೆ ಮಾತು,” ಎಂದರು ಅಕ್ಕಾರು. “ನಿನ್ನನ್ನ ಯಾರ ಕೇಳ್ಯಾರ? ಗದ್ಯಾನ ಕೇಳ್ಯಾರ. ಗದ್ಯ ಏನ ಹೇಳತೈತಿ ಅದನ್ನ ಹೇಳೋದಷ್ಟ ನಿನ್ನ ಕೆಲಸ. ಸೊನ್ನಿ ಕೊಟ್ಟಾವ್ರು ಬರೋಬ್ಬರಿ ಕೊಟ್ಟಾರ. ನಾನಿದ್ರೂ ಅದನ್ನ ಕೊಡ್ತಿದ್ದೆ.”

ನನ್ನ ಮುಖ ಸಪ್ಪಗಾಯಿತು. ಎದ್ದು ಬಂದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವರು, “ನಾಳೆಯಿಂದ ದಿನಾ ಬಾ. ಮಧ್ಯಾಹ್ನ ಊಟ ಮುಗಿಸಿ ಬಾ. ಪೆನ್ಸಿಲ್ ತಗೊಂಡ ಬಾ,” ಎಂದರು. ಬರುತ್ತೀಯಾ ಎಂದು ಕೇಳಲಿಲ್ಲ. ಕೇಳಿದ್ದರೆ ಆ ಸಿಟ್ಟಿನಲ್ಲಿ ಇಲ್ಲ ಎಂದುಬಿಡುತ್ತಿದ್ದೆನೇನೋ. ಅವರು ಕೇಳದೆ ಇದ್ದದ್ದೇ ನನ್ನ ಪುಣ್ಯ.

ಮೇ ತಿಂಗಳ ಬಿಸಿಲು. ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಬಂದು, ಅಲ್ಲಿಂದ ಹೆದ್ದಾರಿಯ ಬಸ್ಸಿನಲ್ಲಿ ಹಾವೇರಿ. ಬಸ್ಸಿನ ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಬೆಳಿಗ್ಗೆಯ ರೊಟ್ಟಿಯನ್ನೆಲ್ಲ ಮುಗಿಸಿ, ಪಾತ್ರೆ ತೊಳೆದಿಟ್ಟು ಹೊರಡುತ್ತಿದ್ದೆ. ಸಂಜೆಯ ಅಡಿಗೆಯನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ನನ್ನ ಅತ್ತೆಯ ಬಾಯಿ ನನ್ನ ಬಾಯಿಗಿಂತ ಒಂದು ಕೈ ಮೇಲು. “ಕನ್ನಡಾ ಕಲ್ಯಾಕ ಹಾವೇರಿಗೆ ಹೋಗ್ತಾಳ ನಮ್ಮ ಸೊಸಿ, ಇಲ್ಲೇನು ನಾವು ಜರ್ಮನಿ ಮಾತಾಡ್ತೀವೇನು,” ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಲೇ, ನಾನು ಬರುವಷ್ಟರಲ್ಲಿ ಸಾರು ಕುದಿಸಿಟ್ಟಿರುತ್ತಿದ್ದರು. ಒಂದು ದಿನವೂ ಹೋಗಬೇಡ ಅನ್ನಲಿಲ್ಲ. ಅವರ ಋಣವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಎದುರಿಗೆ ಹೇಳಿದರೆ ಅದಕ್ಕೂ ಏನಾದರೊಂದು ಅನ್ನುತ್ತಾರೆ.

ಅಕ್ಕಾರು ಮೊದಲ ದಿನ ಕಲಿಸಿದ್ದು ಓದುವುದನ್ನು. ಗದ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಬೇಕು, ಪೆನ್ಸಿಲ್ ಮುಟ್ಟಬಾರದು. ಆಮೇಲೆ ಪ್ರಶ್ನೆಗಳನ್ನು ಓದಬೇಕು. ಆಮೇಲೆ ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಂಡು ಗದ್ಯವನ್ನು ಮತ್ತೆ ಓದಬೇಕು. ಉತ್ತರ ಸಿಕ್ಕಲ್ಲಿ ಕೆಳಗೆ ಗೆರೆ ಎಳೆಯಬೇಕು. ಉತ್ತರ ಒಂದೇ ಸಾಲಿನಲ್ಲಿ ಇರಬೇಕೆಂದಿಲ್ಲ, ಎರಡು ಕಡೆ ಹಂಚಿಕೊಂಡು ಕೂತಿರಬಹುದು.

ಒಂದು ಸಣ್ಣ ಗದ್ಯ ಕೊಟ್ಟರು. ಅದರಲ್ಲಿ ಮೊಮ್ಮಗನಿಗೆ ಜ್ವರ ಬಂದಿತ್ತು, ಮನೆಯಲ್ಲಿ ಒಂದು ನಿಂಬೆಹಣ್ಣೂ ಇರಲಿಲ್ಲ, ಅಜ್ಜಿ ಕೈಚೀಲ ಹಿಡಿದು ಸಂತೆಗೆ ಹೊರಟಳು. ‘ಅಜ್ಜಿ ಸಂತೆಗೆ ಏಕೆ ಹೋದಳು?’ ಎಂಬುದು ಪ್ರಶ್ನೆ. ನಾನು ‘ನಿಂಬೆಹಣ್ಣಿಗೆ’ ಎಂದು ಬರೆದು ಪೆನ್ನು ಮುಚ್ಚಿದೆ.

“ಯಾರ ಹೋದ್ರು?” ಎಂದರು ಅಕ್ಕಾರು.

“ಅಜ್ಜಿ.”

“ಎಲ್ಲಿಗೆ?”

“ಸಂತಿಗ್ರಿ.”

“ನಿನ್ನ ಉತ್ತರದಾಗ ಅಜ್ಜಿನೂ ಇಲ್ಲ, ಸಂತಿನೂ ಇಲ್ಲ. ಬರೇ ನಿಂಬಿಹಣ್ಣ ಐತಿ. ಪ್ರಶ್ನೆ ಮುಚ್ಚಿಟ್ಟು ಬರೇ ಉತ್ತರ ಓದಿದ್ರ ತಿಳೀಬೇಕು. ಪ್ರಶ್ನೆದಾಗಿನ ಮಾತ ಅರ್ಧಾ ಉತ್ತರ ಇರತೈತಿ. ‘ಏಕೆ’ ಇದ್ದ ಜಾಗಾದಾಗ ಗದ್ಯದಾಗಿನ ಕಾರಣ ತಂದ ಇಡು.”

ಕೊನೆಗೆ ಬರೆದೆ: ‘ಮೊಮ್ಮಗನಿಗೆ ಜ್ವರ ಬಂದುದರಿಂದ ನಿಂಬೆಹಣ್ಣು ತರಲು ಅಜ್ಜಿ ಸಂತೆಗೆ ಹೋದಳು.’ ಬರೆದು ನೋಡಿದರೆ ನನಗೇ ಆಶ್ಚರ್ಯ. ನಾನು ಅಲ್ಲಿಯವರೆಗೆ ಇಷ್ಟು ಪೂರ್ತಿಯಾದ ಮಾತು ಆಡಿದವಳೇ ಅಲ್ಲ. ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಗಂಡನನ್ನು ಊಟಕ್ಕೆ ಏನು ಮಾಡಲಿ ಎಂದು ಕೇಳಿದರೆ ‘ಬದನೀಕಾಯಿ’ ಎನ್ನುತ್ತಾರೆ, ಅಷ್ಟೇ. ಉಳಿದದ್ದನ್ನು ನಾವೇ ತುಂಬಿಕೊಳ್ಳಬೇಕು.

ಇನ್ನೊಂದು ದಿನ ಗದ್ಯದಲ್ಲಿದ್ದ ಸಾಲನ್ನು ಹಾಗೆಯೇ ಎತ್ತಿ ಇಟ್ಟೆ: ‘ಅದು ಅಲ್ಲಿ ಗೂಡು ಕಟ್ಟುತ್ತದೆ.’ ಅಕ್ಕಾರು ಯಾವುದು, ಎಲ್ಲಿ ಎಂದು ಕೇಳಿದರು. ಹಿಂದಿನ ಸಾಲಿಗೆ ಹೋಗಿ, ಗೀಜಗವನ್ನೂ ಜಾಲಿಮರವನ್ನೂ ಹುಡುಕಿ ತಂದು ಕೂರಿಸಿದ ಮೇಲೇ ಒಪ್ಪಿದರು. ಒಂದು ಮಾತು ಕೇಳಿದರೆ ಮೂರು ಸಾಲು ಎತ್ತಿ ಬರೆಯುವುದೂ ತಪ್ಪು, ಬೇಕಾದಷ್ಟನ್ನೇ ಆರಿಸಿಕೊಳ್ಳಬೇಕು ಎಂದರು. ಇಷ್ಟೆಲ್ಲ ನನಗೆ ಬೇಗ ಹಿಡಿಯಿತು. ಗಣಿತ ಪಾಸಾದವಳಲ್ಲವೇ, ಇದೂ ಒಂದು ಲೆಕ್ಕದ ಹಾಗೇ ಅನ್ನಿಸಿತು.

ಹಿಡಿಯದೇ ಇದ್ದದ್ದು ಒಂದೇ. ನನಗೆ ಗೊತ್ತಿದ್ದ ವಿಷಯ ಗದ್ಯದಲ್ಲಿ ಬಂದರೆ ಸುಮ್ಮನಿರಲು ಆಗುತ್ತಿರಲಿಲ್ಲ. ತೆಂಗಿನಮರದ ಬಗ್ಗೆ ಬಂದರೆ ನಮ್ಮ ಹಿತ್ತಿಲಿನ ತೆಂಗಿನಮರ ಬರೆಯುತ್ತಿದ್ದೆ. ಆರೋಗ್ಯದ ಬಗ್ಗೆ ಬಂದರೆ ಅತ್ತೆಯ ಮೊಣಕಾಲು ನೋವು ನುಸುಳುತ್ತಿತ್ತು. ಗದ್ಯ ಹೇಳಿದ್ದನ್ನು ಬರೆದು, ಕೆಳಗೆ ‘ಆದರೆ’ ಎಂದು ಶುರು ಮಾಡುತ್ತಿದ್ದೆ. ಆ ‘ಆದರೆ’ ಕಂಡರೆ ಅಕ್ಕಾರು ಹಣೆ ಚಚ್ಚಿಕೊಳ್ಳುತ್ತಿದ್ದರು.

ಒಂದು ದಿನ ಹೋದಾಗ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ತಾವೇ ಒಂದು ಗದ್ಯ ಬರೆದಿಟ್ಟಿದ್ದರು. ಓದಿದೆ. ‘ಹಾವೇರಿಯ ಬಸ್ ನಿಲ್ದಾಣದ ಹಿಂದೆ ಸಮುದ್ರವಿದೆ. ಸಂಜೆ ಊರಿನ ಜನರು ಅಲ್ಲಿಗೆ ಹೋಗಿ ಮೀನು ಹಿಡಿಯುತ್ತಾರೆ. ಮಳೆಗಾಲದಲ್ಲಿ ಅಲೆಗಳು ಬಸ್ಸುಗಳನ್ನು ತೊಳೆಯುತ್ತವೆ.’

ನಾನು ತಲೆ ಎತ್ತಿ ಅವರ ಮುಖ ನೋಡಿದೆ. ನಗುವಿನ ಸುಳಿವೂ ಇರಲಿಲ್ಲ.

“ಅಕ್ಕಾರ, ಆರಾಮ ಅದೀರಿಲ್ಲೋ?”

“ನನಗೇನಾಗೇತಿ? ಪ್ರಶ್ನೆ ಓದು. ‘ಹಾವೇರಿಯಲ್ಲಿ ಸಮುದ್ರ ಎಲ್ಲಿದೆ?’ ಬರಿ.”

ನನ್ನ ಕೈ ಏಳಲಿಲ್ಲ. ಈಗಷ್ಟೇ ಆ ನಿಲ್ದಾಣದಲ್ಲಿ ಇಳಿದು ಧೂಳು ಕುಡಿದು ಬಂದಿದ್ದೆ. ಹಾವೇರಿಯಲ್ಲಿ ಸಮುದ್ರ ಎಂದು ನನ್ನ ಕೈಯಾರೆ ಬರೆಯುವುದೇ? ಬರೆದೆ, ಆದರೆ ಕೊನೆಯಲ್ಲಿ ‘ಎಂದು ಗದ್ಯದಲ್ಲಿ ಸುಳ್ಳು ಹೇಳಿದ್ದಾರೆ’ ಎಂದು ಸೇರಿಸಿಬಿಟ್ಟೆ. ಅಕ್ಕಾರು ಕೆಂಪು ಪೆನ್ನಿನಿಂದ ಅದಕ್ಕೆ ಅಡ್ಡಗೆರೆ ಎಳೆದರು. ಮತ್ತೆ ಬರೆಸಿದರು. ‘ಹಾವೇರಿಯಲ್ಲಿ ಬಸ್ ನಿಲ್ದಾಣದ ಹಿಂದೆ ಸಮುದ್ರವಿದೆ.’ ಬರೆದಾದ ಮೇಲೆ ಏನೋ ಪಾಪ ಮಾಡಿದಂತೆ ಅನ್ನಿಸಿ ನೀರು ಕೇಳಿ ಕುಡಿದೆ.

ಅವತ್ತಿನಿಂದ ದಿನಕ್ಕೊಂದು ಸುಳ್ಳು ಗದ್ಯ. ರಾಣೆಬೆನ್ನೂರಿನ ಕೃಷ್ಣಮೃಗಗಳು ಮರ ಹತ್ತಿ ಮಲಗುತ್ತಿದ್ದವು. ಬ್ಯಾಡಗಿಯ ಮೆಣಸಿನಕಾಯಿಯನ್ನು ಬಾಣಂತಿಯರು ಬೆಲ್ಲದ ಬದಲು ತಿನ್ನುತ್ತಿದ್ದರು. ಮೋಟೆಬೆನ್ನೂರಿನಲ್ಲಿ ಬಸ್ಸುಗಳು ಸಮಯಕ್ಕೆ ಸರಿಯಾಗಿ ಬರುತ್ತಿದ್ದವು. ಇದಕ್ಕೆ ಮಾತ್ರ ಅಕ್ಕಾರೂ ನಕ್ಕರು. ಮಾತು ಕಡಿಮೆಯ ಆ ಹೆಂಗಸು ಈ ಸುಳ್ಳುಗಳನ್ನೆಲ್ಲ ಎಲ್ಲಿ ಕೂತು ಹೊಸೆಯುತ್ತಿದ್ದರೋ. ನಿವೃತ್ತಿಯ ಮಧ್ಯಾಹ್ನಗಳಲ್ಲಿ ಹಾಯಾಗಿ ನಿದ್ದೆ ಮಾಡಬಹುದಾಗಿತ್ತು. ಅದನ್ನು ಬಿಟ್ಟು, ಅಷ್ಟು ವರ್ಷದ ಹಿಂದೆ ಶಾಲೆ ಬಿಟ್ಟ ಒಬ್ಬ ಬಾಯಿಬಡುಕಿಗೋಸ್ಕರ ಸಮುದ್ರವನ್ನು ಹಾವೇರಿಗೆ ತಂದರು. ಆಗ ನಾನು ಜಗಳವಾಡುವುದರಲ್ಲೇ ಇದ್ದೆ.

ನಿಧಾನಕ್ಕೆ ಏನೋ ಬದಲಾಯಿತು. ಸುಳ್ಳೆಂದು ಕಣ್ಣಿಗೆ ಕಾಣುತ್ತಿದ್ದುದರಿಂದ ನನ್ನ ತಿಳಿವಳಿಕೆ ಒಂದು ಕಡೆ, ಗದ್ಯ ಒಂದು ಕಡೆ ಬೇರೆಯಾಗಿ ನಿಲ್ಲತೊಡಗಿದವು. ನಾನು ನನ್ನದನ್ನು ಮರೆಯಬೇಕಾಗಿಲ್ಲ, ಸ್ವಲ್ಪ ಹೊತ್ತು ಹೊರಗೆ ಚಪ್ಪಲಿಯ ಹಾಗೆ ಬಿಟ್ಟು ಬರಬೇಕು, ಹೋಗುವಾಗ ಹಾಕಿಕೊಂಡು ಹೋಗಬಹುದು ಎಂಬುದು ತಿಳಿಯಿತು. ಇನ್ನೊಬ್ಬರು ಹೇಳುವುದನ್ನು ಅವರು ಮುಗಿಸುವವರೆಗೆ ಕೇಳುವುದು ನನಗೆ ಮೂವತ್ತು ದಾಟಿದ ಮೇಲೆ ಬಂತು. ಮನೆಯಲ್ಲಿಯೂ ಅದು ಗೊತ್ತಾಯಿತೇನೋ. ಒಂದು ಸಂಜೆ ಗಂಡ ಕೋಲ್ಡ್ ಸ್ಟೋರೇಜಿನಲ್ಲಿ ನಡೆದ ಏನೋ ಸಂಗತಿ ಹೇಳುತ್ತಿದ್ದರು, ನಾನು ನಡುವೆ ಬಾಯಿ ಹಾಕಲಿಲ್ಲ. ಅವರು ಹೇಳುವುದನ್ನು ನಿಲ್ಲಿಸಿ, “ಯಾಕ, ಮೈಯಾಗ ಹುಷಾರಿಲ್ಲೇನು?” ಎಂದು ಕೇಳಿದರು.

ಪರೀಕ್ಷೆ ರಾಣೆಬೆನ್ನೂರಿನಲ್ಲಿತ್ತು. ಹಿಂದಿನ ದಿನವೇ ತವರಿಗೆ ಹೋಗಿದ್ದೆ. ಪರೀಕ್ಷೆಯ ಕೋಣೆಯಲ್ಲಿ ನನ್ನ ಅಕ್ಕಪಕ್ಕ ಮೀಸೆ ಚಿಗುರುತ್ತಿದ್ದ ಹುಡುಗರು. ಒಬ್ಬ ನನ್ನನ್ನು ಮೇಲ್ವಿಚಾರಕಿ ಎಂದು ತಿಳಿದು ಎದ್ದು ನಿಂತ. ಪದ್ಯ, ವ್ಯಾಕರಣ, ಪತ್ರ ಎಲ್ಲ ಮುಗಿಸಿ ಗದ್ಯಭಾಗಕ್ಕೆ ಬಂದೆ. ಬರೆದ ಉಳಿದ ಉತ್ತರಗಳು ಹೋದ ಸಲದಷ್ಟೇ ಆಗಿದ್ದವು ಎಂದು ನನಗೆ ಗೊತ್ತಿತ್ತು. ದಡ ಸೇರಿದರೆ ಇದರಿಂದಲೇ ಸೇರಬೇಕು.

ಗದ್ಯ ಕೂಡು ಕುಟುಂಬದ ಬಗ್ಗೆ ಇತ್ತು. ಹಿಂದೆ ಒಂದೇ ಮನೆಯಲ್ಲಿ ಎಲ್ಲರೂ ಕೂಡಿ ಬಾಳುತ್ತಿದ್ದರು, ಕೆಲಸವನ್ನು ಹಂಚಿಕೊಳ್ಳುತ್ತಿದ್ದರು, ಅದರಿಂದ ಹೆಣ್ಣುಮಕ್ಕಳ ಕೆಲಸ ಹಗುರವಾಗುತ್ತಿತ್ತು, ಹಿರಿಯರಿಂದ ಮಕ್ಕಳು ಕತೆ ಕೇಳಿ ಬೆಳೆಯುತ್ತಿದ್ದರು ಎಂದೆಲ್ಲ. ಪ್ರಶ್ನೆ ಓದಿದೆ. ‘ಕೂಡು ಕುಟುಂಬದಲ್ಲಿ ಹೆಣ್ಣುಮಕ್ಕಳ ಕೆಲಸ ಏಕೆ ಹಗುರವಾಗುತ್ತಿತ್ತು?’

ನನ್ನ ಮೈಯೆಲ್ಲ ಉರಿಯಿತು. ಮೈದುನಂದಿರು, ನಾದಿನಿಯರು, ಬಂದುಹೋಗುವ ನೆಂಟರು, ಎಲ್ಲರಿಗೂ ಒಲೆಯ ಮುಂದೆ ಕೂತು ರೊಟ್ಟಿ ಬಡಿದ ತೋಳು ನನ್ನದು. ಆ ತೋಳಿನಿಂದಲೇ ಈಗ ಹಗುರ ಎಂದು ಬರೆಯಬೇಕಾಗಿತ್ತು. ‘ಆದರೆ’ ಎಂಬ ಶಬ್ದ ಪೆನ್ನಿನ ತುದಿಯವರೆಗೆ ಬಂದು ನಿಂತಿತು. ಪೆನ್ನು ಕೆಳಗಿಟ್ಟೆ. ನನ್ನನ್ನು ಯಾರು ಕೇಳಿದ್ದಾರೆ, ಗದ್ಯವನ್ನು ಕೇಳಿದ್ದಾರೆ ಎಂದು ತುಟಿಯಲ್ಲೇ ಹೇಳಿಕೊಂಡೆ. ಗದ್ಯವನ್ನು ಇನ್ನೊಮ್ಮೆ ಓದಿ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಆಮೇಲೆ ಬರೆದೆ: ‘ಕೂಡು ಕುಟುಂಬದಲ್ಲಿ ಎಲ್ಲರೂ ಕೆಲಸವನ್ನು ಹಂಚಿಕೊಳ್ಳುತ್ತಿದ್ದುದರಿಂದ ಹೆಣ್ಣುಮಕ್ಕಳ ಕೆಲಸ ಹಗುರವಾಗುತ್ತಿತ್ತು.’ ಪೂರ್ಣವಿರಾಮ ಇಟ್ಟು, ಮತ್ತೇನೂ ಬರೆಯಬಾರದೆಂದು ಕೆಳಗೊಂದು ಗೆರೆ ಹೊಡೆದು ಮುಂದಿನ ಪ್ರಶ್ನೆಗೆ ಹೋದೆ.

ಬ್ಯಾಡಗಿಗೆ ಬಂದು ಇದನ್ನು ಅತ್ತೆಗೆ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟು, “ಹಂಗಂತ ಯಾರ ಬರದಾರ? ಅವರನ್ನ ಒಮ್ಮಿ ಇಲ್ಲಿಗೆ ಕರಕೊಂಡ ಬಾ. ಒಂದ ಹೊತ್ತ ರೊಟ್ಟಿ ಬಡದ ಹೋಗ್ಲಿ,” ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಮ್ಮಿಬ್ಬರಿಗೂ ಒಂದೇ ವಿಷಯಕ್ಕೆ ನಗು ಬಂದದ್ದು ಆ ಮನೆಯಲ್ಲಿ ಅಪರೂಪ.

ಫಲಿತಾಂಶ ಬಂದಾಗ ಮಗಳು ನಗಲಿಲ್ಲ, ಅತ್ತಳು. ಕನ್ನಡ ಪಾಸಾಗಿತ್ತು. ಅಂಥ ದೊಡ್ಡ ಅಂಕವೇನೂ ಅಲ್ಲ, ಗೆರೆಯಿಂದ ಸ್ವಲ್ಪವೇ ಮೇಲೆ. ಅದೇ ವರ್ಷ ವಯಸ್ಸು ಮೀರುವ ಮುಂಚೆ ಅರ್ಜಿ ಹಾಕಿದೆ. ಕೆಲಸ ಆಯಿತು. ಈಗ ದಿನವೂ ಓಣಿಯ ತುದಿಯ ಆ ಕೋಣೆಯ ಬಾಗಿಲು ತೆರೆಯುವವಳು ನಾನೇ. ಕತೆ ಹೇಳಿದ ಮೇಲೆ ಮಕ್ಕಳನ್ನು ಕೇಳುತ್ತೇನೆ, ಕಾಗೆ ಎಲ್ಲಿ ಕೂತಿತ್ತು ಎಂದು. ‘ಮರ’ ಎಂದರೆ ಬಿಡುವುದಿಲ್ಲ. ‘ಕಾಗಿ ಮರದ ಮ್ಯಾಲ ಕೂತಿತ್ತು’ ಎಂದು ಹೇಳಿಸಿಯೇ ಉಂಡೆ ಕೊಡುತ್ತೇನೆ. ಆ ಮಕ್ಕಳಿಗೆ ನಾನು ಅಕ್ಕಾರು ಆಗಿಬಿಟ್ಟಿದ್ದೇನೆ. ಅದನ್ನು ಕೇಳಿದಾಗಲೆಲ್ಲ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡುವಂತಾಗುತ್ತದೆ.

ಫಲಿತಾಂಶದ ಮರುದಿನ ಪೇಢೆ ತೆಗೆದುಕೊಂಡು ಹಾವೇರಿಗೆ ಹೋದೆ. ಅಕ್ಕಾರ ಕಾಲಿಗೆ ಬೀಳಬೇಕು, ನಿಮ್ಮಿಂದಲೇ ಪಾಸಾದೆ ಎಂದು ಹೇಳಬೇಕು ಎಂದು ಬಸ್ಸಿನಲ್ಲೆಲ್ಲ ಮಾತು ಜೋಡಿಸಿಕೊಂಡಿದ್ದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಪೇಢೆಯಲ್ಲಿ ಅರ್ಧ ಮುರಿದು ಬಾಯಿಗೆ ಹಾಕಿಕೊಂಡು, “ನಿಮ್ಮಿಂದ, ನಿಮ್ಮಿಂದ ಅಂತ ನನ್ನ ಮುಂದ ಅನ್ನಬ್ಯಾಡ. ಕುಂದ್ರು,” ಎಂದರು. ಎದುರಿಗೆ ಕ್ಯಾಲೆಂಡರಿನ ಒಂದು ಹಾಳೆ ಇಟ್ಟರು.

“ಪರೀಕ್ಷಾ ಮುಗೀತಲ್ರಿ ಅಕ್ಕಾರ.”

“ಇದೊಂದು ಬರಿ.”

ಗದ್ಯ ಹೀಗಿತ್ತು. ‘ಬ್ಯಾಡಗಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಅವಳಿಗೆ ಓದಬೇಕೆಂಬ ಆಸೆ ಬಹಳ ಇತ್ತು. ಮೊದಲ ಸಲ ಸೋತರೂ ಅವಳು ಕೈಬಿಡಲಿಲ್ಲ. ಉರಿಬಿಸಿಲಿನಲ್ಲಿ ದಿನವೂ ಬಸ್ ಹತ್ತಿ ಹೋಗಿ ಓದಿದಳು. ಅವಳು ತನ್ನ ಬುದ್ಧಿಯಿಂದ ಮತ್ತು ತನ್ನ ಶ್ರಮದಿಂದ ಪಾಸಾದಳು.’ ಕೆಳಗೆ ಒಂದೇ ಪ್ರಶ್ನೆ: ‘ಬ್ಯಾಡಗಿಯ ಹೆಣ್ಣುಮಗಳು ಹೇಗೆ ಪಾಸಾದಳು?’

ಕಲಿಸಿದ ಪ್ರಕಾರ ಒಮ್ಮೆ ಓದಿದೆ. ಪ್ರಶ್ನೆ ಓದಿದೆ. ಮತ್ತೆ ಗದ್ಯ ಓದಿದೆ. ಗೆರೆ ಎಳೆಯಬೇಕಾದ ಸಾಲು ಕೊನೆಯಲ್ಲೇ ಇತ್ತು. ಆದರೆ ನಾನು ಹುಡುಕುತ್ತಿದ್ದದ್ದು ಬೇರೆ ಒಂದು ಸಾಲನ್ನು. ಬಸ್ ಇತ್ತು, ಬಿಸಿಲು ಇತ್ತು, ಬುದ್ಧಿ ಇತ್ತು, ಶ್ರಮ ಇತ್ತು. ಅಕ್ಕಾರು ಮಾತ್ರ ಎಲ್ಲಿಯೂ ಇರಲಿಲ್ಲ. ಆ ಮಧ್ಯಾಹ್ನಗಳಲ್ಲಿ ಹೊಸೆದ ಸುಳ್ಳುಗಳಿಗಿಂತ ಇದು ದೊಡ್ಡದು ಅನ್ನಿಸಿತು. ಕಣ್ಣು ಮಂಜಾಗಿ ಅಕ್ಷರ ಕಾಣದಾಯಿತು.

“ಅಕ್ಕಾರ, ಇದರಾಗ ನೀವ ಇಲ್ಲ,” ಎಂದೆ.

“ಇಲ್ಲದ್ದನ್ನ ಬರೀಬ್ಯಾಡ,” ಎಂದರು.

ಪೆನ್ನು ತೆಗೆದುಕೊಂಡು ಪೂರ್ಣ ವಾಕ್ಯದಲ್ಲಿ, ದುಂಡಗೆ ಬರೆದೆ: ‘ಬ್ಯಾಡಗಿಯ ಹೆಣ್ಣುಮಗಳು ಹಾವೇರಿಯ ಅಕ್ಕಾರು ದಿನವೂ ಜೊತೆಗೆ ಕೂತು ಕಲಿಸಿದ್ದರಿಂದ ಪಾಸಾದಳು.’ ಹಾಳೆಯನ್ನು ಅವರ ಕಡೆ ತಿರುಗಿಸಿದೆ.

ಅವರು ಓದಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡು, ಕೆಂಪು ಪೆನ್ನಿನಿಂದ ಉತ್ತರದ ಎದುರಿಗೆ ಒಂದು ಸೊನ್ನೆ ಹಾಕಿದರು.

“ಗದ್ಯದಾಗ ಇದು ಎಲ್ಲೈತಿ?”

“ಇಲ್ಲಂತ ನನಗ ಗೊತ್ತೈತ್ರಿ ಅಕ್ಕಾರ,” ಎಂದೆ.